ಎಪ್ಪತ್ತಾರೋ, ಎಂಬತ್ತಾರೋ?

ಒಂದೇ ಒಂದು ಅಂಕಿ ತಪ್ಪಿತು. ₹14,400 ಕಣ್ಣೆದುರೇ ಗುರುತಿಲ್ಲದವರ ಖಾತೆಗೆ ಹೋಯಿತು. ಯುಪಿಐನಲ್ಲಿ ಕಳಿಸಲು ಮೂರು ಸೆಕೆಂಡ್ ಸಾಕು, ವಾಪಸ್ ಪಡೆಯಲು ಮಾತ್ರ ಗುಂಡಿಯೇ ಇಲ್ಲ. ಹಾಗಾದರೆ ದಾರಿ? ಇದೆ. ಆದರೆ ಅದು ಆ ಕಡೆಯವರ ಒಪ್ಪಿಗೆಯ ಮೂಲಕವೇ ಹೋಗುತ್ತದೆ.

ಕೊನೆ ಕೊಯ್ಲಿನ ಕಾಲ. ಸಾಗರದ ಹತ್ತಿರದ ನಮ್ಮ ಊರಿನಲ್ಲಿ ಅಡಿಕೆ ಇಳಿಸಲು ಕೊನೆಗಾರ ಮಂಜಣ್ಣ ಮತ್ತವನ ಇಬ್ಬರು ಸಂಗಡಿಗರು ನಾಲ್ಕು ದಿನ ಮರ ಹತ್ತಿದ್ದರು. ಶನಿವಾರ ಸಂಜೆ ಲೆಕ್ಕ ಚುಕ್ತಾ ಮಾಡಬೇಕು. ಅಪ್ಪನ ಕೈಯಲ್ಲಿ ನಗದು ಇರಲಿಲ್ಲ. ಫೋನಿನಲ್ಲಿ ಹಣ ಕಳಿಸುವ ಉಸಾಬರಿಗೆ ಅವರು ಹೋಗುವವರಲ್ಲ. ಹಾಗಾಗಿ ಬೆಂಗಳೂರಿನಲ್ಲಿದ್ದ ನನಗೆ ಫೋನ್ ಬಂತು.

ನಾನು ಮೆಜೆಸ್ಟಿಕ್ ಕಡೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದರಲ್ಲಿ ಫೋನು. ಅಪ್ಪ ಡೈರಿ ನೋಡಿಕೊಂಡು ನಂಬರ್ ಹೇಳುತ್ತಾ ಹೋದರು. ನಾನು ಒತ್ತುತ್ತಾ ಹೋದೆ. ಕೊನೆಯಲ್ಲಿ ಅವರು ಹೇಳಿದ್ದು ‘ಎಪ್ಪತ್ತಾರು’. ಕಂಡಕ್ಟರ್ ಸೀಟಿ ಊದಿದ ಗದ್ದಲದಲ್ಲಿ ನನಗೆ ಕೇಳಿಸಿದ್ದು ‘ಎಂಬತ್ತಾರು’.

ಪರದೆಯ ಮೇಲೆ ಹೆಸರು ಮೂಡಿತು: ಮಂಜುನಾಥ. ಇನ್ನೇನು ಬೇಕು? ಪಿನ್ ಒತ್ತಿದೆ. ಹಸಿರು ಟಿಕ್ ಬಂತು.

ಕಾಲು ಗಂಟೆಯ ನಂತರ ಅಪ್ಪನದೇ ಫೋನು. “ಮಾರಾಯಾ, ಮಂಜಣ್ಣನಿಗೆ ದುಡ್ಡು ಬರ್ಲಿಲ್ಲ ಅಂತಾನೆ. ನೀ ಕಳ್ಸಿದ್ದು ಹೌದಾ?”

ಕಳಿಸಿದ್ದು ಹೌದು. ಆದರೆ ಕರ್ನಾಟಕದಲ್ಲಿ ಮಂಜುನಾಥ ಎಂಬ ಹೆಸರಿನವರು ಎಷ್ಟು ಜನರಿದ್ದಾರೆ ಎಂದು ನಾನು ಯೋಚಿಸಿರಲಿಲ್ಲ.

ಮೊದಲ ಹತ್ತು ನಿಮಿಷ

ಮಂಜಣ್ಣನಿಗೆ ಕೂಲಿ ನಿಲ್ಲಿಸುವಂತಿರಲಿಲ್ಲ. ನಂಬರನ್ನು ಅಪ್ಪನಿಂದ ಎರಡು ಸಲ ಹೇಳಿಸಿಕೊಂಡು ಇನ್ನೊಮ್ಮೆ ₹14,400 ಕಳಿಸಿದೆ. ಆಮೇಲೆ ಬಸ್ಸಿನಿಂದ ಇಳಿದು, ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ತಪ್ಪಾಗಿ ಹೋದ ವ್ಯವಹಾರವನ್ನು ತೆರೆದು ನೋಡಿದೆ.

ಅಲ್ಲಿ ನಿಮಗೆ ಬೇಕಾದ ನಾಲ್ಕು ಸಂಗತಿ ಇರುತ್ತವೆ: ಮೊತ್ತ, ದಿನಾಂಕ ಮತ್ತು ಸಮಯ, ಪಡೆದವರ ಯುಪಿಐ ಐಡಿ, ಹನ್ನೆರಡು ಅಂಕಿಯ ಒಂದು ಉಲ್ಲೇಖ ಸಂಖ್ಯೆ. ಈ ಸಂಖ್ಯೆಯನ್ನು ಕೆಲವು ಆ್ಯಪ್‌ಗಳು ಯುಟಿಆರ್ ಎನ್ನುತ್ತವೆ, ಕೆಲವು ಆರ್‌ಆರ್‌ಎನ್ ಎನ್ನುತ್ತವೆ. ಹೆಸರು ಯಾವುದಾದರೂ ಇರಲಿ, ಮುಂದಿನ ಪ್ರತಿ ಮೆಟ್ಟಿಲಲ್ಲೂ ನಿಮ್ಮನ್ನು ಕೇಳುವುದು ಅದನ್ನೇ. ನಿಮ್ಮ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲೂ ಅದೇ ಅಂಕಿ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಹಣ ಹೋದದ್ದು ಮೊಬೈಲ್ ನಂಬರಿಗೆ, ನಂಬರ್ ನನ್ನ ಬಳಿಯೇ ಇದೆ. ಫೋನ್ ಮಾಡಿದರಾಯಿತಲ್ಲ? ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ಆದದ್ದನ್ನೆಲ್ಲ ಹೇಳಿದೆ.

“ಯಾರ್ರೀ ನೀವು? ನನಗೇನು ರೊಕ್ಕ ಬಂದಿಲ್ರೀ. ಹಿಂಗ ಹೇಳಿ ಹಿಂಗ ಹೇಳೇ ನಮ್ಮ ಮಾವನ ಖಾತೆ ಖಾಲಿ ಮಾಡ್ಯಾರ. ಇನ್ನೊಮ್ಮೆ ಫೋನ್ ಮಾಡಬ್ಯಾಡ್ರಿ” ಎಂದು ಇಟ್ಟರು. ಮತ್ತೆ ಮಾಡಿದಾಗ ನನ್ನ ನಂಬರ್ ಬ್ಲಾಕ್ ಆಗಿತ್ತು.

ಕೋಪ ಬಂತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅನಿಸಿತು, ಅವರು ಮಾಡಿದ್ದೇ ಸರಿ. ‘ತಪ್ಪಾಗಿ ನಿಮಗೆ ಹಣ ಬಂದಿದೆ, ವಾಪಸ್ ಹಾಕಿ’ ಎಂಬುದು ಮೋಸಗಾರರ ಹಳೇ ಮಾತು. ಅಂಥ ಕರೆಗಳನ್ನು ನಂಬಬೇಡಿ ಎಂದು ಬ್ಯಾಂಕು, ಪೊಲೀಸರು, ಪತ್ರಿಕೆಗಳು ವರ್ಷಗಟ್ಟಲೆ ಹೇಳುತ್ತಾ ಬಂದಿವೆ. ನಿಜವಾಗಿ ತಪ್ಪು ಮಾಡಿದವನ ಮಾತೂ ಮೋಸಗಾರನ ಮಾತೂ ಅಕ್ಷರಶಃ ಒಂದೇ. ಆ ಕಡೆಯವರಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ಆದ್ದರಿಂದ ಒಮ್ಮೆ ಕರೆ ಮಾಡಿ, ಸೌಜನ್ಯದಿಂದ ಹೇಳಿ, ಬಿಟ್ಟುಬಿಡಿ. ಹತ್ತು ಸಲ ಕರೆದು ಜೋರು ಮಾಡಿದರೆ ಅವರ ಅನುಮಾನ ಗಟ್ಟಿಯಾಗುತ್ತದೆ ಅಷ್ಟೆ. ನಾನು ಇನ್ನೊಂದು ಸಣ್ಣ ಕೆಲಸ ಮಾಡಿದೆ. ಅದೇ ಐಡಿಗೆ ಒಂದು ರೂಪಾಯಿ ಕಳಿಸಿ, ಜೊತೆಯ ಸಂದೇಶದ ಜಾಗದಲ್ಲಿ ‘14400 ತಪ್ಪಿ ಬಂದಿದೆ, ನಿಮ್ಮ ಬ್ಯಾಂಕಲ್ಲಿ ಕೇಳಿ’ ಎಂದು ಬರೆದೆ. ಫೋನ್ ಬ್ಲಾಕ್ ಮಾಡಿದರೂ ಇದು ಅವರ ವ್ಯವಹಾರದ ಪಟ್ಟಿಯಲ್ಲಿ ದೊಡ್ಡ ಮೊತ್ತದ ಪಕ್ಕದಲ್ಲೇ, ಅದೇ ಹೆಸರಿನಲ್ಲಿ ಕೂತಿರುತ್ತದೆ. ‘ನನಗೆ ಕಳಿಸಿ’ ಎನ್ನದೆ ‘ಬ್ಯಾಂಕಲ್ಲಿ ಕೇಳಿ’ ಎಂದದ್ದು ಬೇಕೆಂದೇ.

ಬ್ಯಾಂಕಿನವರೇ ಎಳೆದುಕೊಳ್ಳಬಾರದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ದುಡ್ಡು ಎಲ್ಲಿದೆ ಎಂದು ಬ್ಯಾಂಕಿಗೆ ಗೊತ್ತು. ತಪ್ಪಿ ಹೋದದ್ದೆಂದು ನಾನೇ ಹೇಳುತ್ತಿದ್ದೇನೆ. ವಾಪಸ್ ಎಳೆದುಕೊಟ್ಟರೆ ಮುಗಿಯಿತಲ್ಲ?

2016ರ ಏಪ್ರಿಲ್‌ನಲ್ಲಿ ಯುಪಿಐ ಆರಂಭವಾದಾಗಿನಿಂದಲೂ ಅದರ ಗುಣವೇ ತಕ್ಷಣ ತಲುಪಿಸುವುದು. ನೀವು ಪಿನ್ ಒತ್ತಿದೊಡನೆ ನಿಮ್ಮ ಬ್ಯಾಂಕು ಹಣ ಕಳೆಯುತ್ತದೆ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್, ಅಂದರೆ ಎನ್‌ಪಿಸಿಐನ ಜಾಲದ ಮೂಲಕ ಆ ಕಡೆಯ ಬ್ಯಾಂಕಿಗೆ ಸಂದೇಶ ಹೋಗುತ್ತದೆ. ಅದು ತನ್ನ ಗ್ರಾಹಕರ ಖಾತೆಗೆ ಜಮಾ ಮಾಡಿ ‘ಆಯಿತು’ ಎನ್ನುತ್ತದೆ. ಹಸಿರು ಟಿಕ್ ಎಂದರೆ ಈ ‘ಆಯಿತು’. ಚೆಕ್ಕಿನಂತೆ ಮಧ್ಯೆ ತಡೆಹಿಡಿಯಲು ಸಮಯವೇ ಇಲ್ಲ.

ಜಮಾ ಆದ ಮೇಲೆ ಅದು ಆ ಖಾತೆದಾರರ ಠೇವಣಿ. ಅವರು ಹೇಳದೆ ಬ್ಯಾಂಕು ಅದನ್ನು ಮುಟ್ಟುವಂತಿಲ್ಲ. ಬ್ಯಾಂಕು ತಾನೇ ತಪ್ಪಿ ಎರಡು ಸಲ ಜಮಾ ಮಾಡಿದ್ದರೆ ಅದನ್ನು ಸರಿಪಡಿಸಿಕೊಳ್ಳಬಹುದು. ಇಲ್ಲಿ ತಪ್ಪು ಬ್ಯಾಂಕಿನದಲ್ಲ. ನಂಬರ್ ಒತ್ತಿದ್ದು ನಾನು, ಪಿನ್ ಹಾಕಿದ್ದೂ ನಾನು. ಇದೇ ನಿಯಮವನ್ನು ತಿರುಗಿಸಿ ನೋಡಿ. ‘ತಪ್ಪಿ ಕಳಿಸಿದೆ’ ಎಂದು ಯಾರೋ ಹೇಳಿದ ಕೂಡಲೇ ನಿಮ್ಮ ಖಾತೆಯಿಂದ ಹಣ ಕಳೆದರೆ ಹೇಗಿರುತ್ತದೆ? ಸಾಮಾನು ಕೊಂಡು ಹಣ ಕಳಿಸಿ, ಮನೆಗೆ ಹೋಗಿ ‘ತಪ್ಪಾಯಿತು’ ಎನ್ನುವವರು ಊರಿಗೆ ಹತ್ತು ಜನ ಹುಟ್ಟುತ್ತಾರೆ.

ಹಾಗಾಗಿ ದೂರು ಕೊಡುವುದೆಂದರೆ ಹಣ ಎಳೆಸುವುದಲ್ಲ. ನನ್ನ ಮಾತನ್ನು ನಂಬದ ಆ ಮನುಷ್ಯನ ಬಳಿ, ಅವರು ನಂಬುವ ಅವರದೇ ಬ್ಯಾಂಕಿನಿಂದ ಕೇಳಿಸುವುದು. ಇಷ್ಟು ತಿಳಿದರೆ ಮುಂದಿನ ಮೆಟ್ಟಿಲುಗಳು ಏಕೆ ಹಾಗಿವೆ ಎಂಬುದು ಅರ್ಥವಾಗುತ್ತದೆ.

ಬಾಕ್ಸ್: ಕಳೆದಿದೆ, ತಲುಪಿಲ್ಲ. ಅದು ಬೇರೆ ಕಥೆ

*ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಯಾರಿಗೂ ಸೇರದೇ ಇದ್ದರೆ ಅದು ‘ವಿಫಲ ವ್ಯವಹಾರ’. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಇಂಥ ಹಣ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪಾವತಿಗೆ ಐದು ದಿನ. ತಡವಾದರೆ ದಿನಕ್ಕೆ ₹100 ಪರಿಹಾರ. ತಪ್ಪು ಖಾತೆಗೆ ಹೋದ ಹಣಕ್ಕೆ ಈ ಗಡುವೂ ಇಲ್ಲ, ಪರಿಹಾರವೂ ಇಲ್ಲ. ದೂರು ಬರೆಯುವಾಗ ಎರಡನ್ನೂ ಬೆರೆಸಿದರೆ ‘ವ್ಯವಹಾರ ಯಶಸ್ವಿಯಾಗಿದೆ’ ಎಂಬ ಒಂದೇ ಸಾಲಿನ ಉತ್ತರದೊಂದಿಗೆ ಅದು ಮುಚ್ಚಿಹೋಗುತ್ತದೆ.*

ಆ್ಯಪ್ ಎಂಬ ಮೊದಲ ಮೆಟ್ಟಿಲು

ಎನ್‌ಪಿಸಿಐ ಹೇಳಿರುವ ಕ್ರಮ ಹೀಗಿದೆ: ಮೊದಲು ನೀವು ಬಳಸಿದ ಆ್ಯಪ್, ಆಮೇಲೆ ಆ ಆ್ಯಪ್‌ಗೆ ಆಸರೆಯಾದ ಬ್ಯಾಂಕು, ನಂತರ ನಿಮ್ಮ ಖಾತೆಯಿರುವ ಬ್ಯಾಂಕು, ಕೊನೆಗೆ ಎನ್‌ಪಿಸಿಐ. ಇಷ್ಟಾದರೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್.

ಶನಿವಾರ ರಾತ್ರಿಯೇ ಆ ವ್ಯವಹಾರವನ್ನು ತೆರೆದು, ಸಹಾಯದ ಭಾಗದಲ್ಲಿ ‘ತಪ್ಪು ವ್ಯಕ್ತಿಗೆ ಹೋಗಿದೆ’ ಎಂಬುದನ್ನು ಆರಿಸಿ ದೂರು ಹಾಕಿದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಉತ್ತರ ಬಂದಿತ್ತು: ವ್ಯವಹಾರ ಯಶಸ್ವಿಯಾಗಿದೆ, ಹಣ ಪಡೆದವರನ್ನು ಸಂಪರ್ಕಿಸಿ. ದೂರು ಮುಕ್ತಾಯ.

ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. ಆ್ಯಪ್ ಕಂಪನಿಯ ಬಳಿ ನಿಮ್ಮ ದುಡ್ಡು ಇಲ್ಲ, ಅದು ಬರೀ ಕಿಟಕಿ. ಆದರೆ ಅದು ಮುಚ್ಚಿದ ದೂರಿನ ಸಂಖ್ಯೆಯನ್ನು ಎಸೆಯಬೇಡಿ. ಮೊದಲ ಮೆಟ್ಟಿಲು ಹತ್ತಿ ಬಂದಿದ್ದೇನೆ ಎಂಬುದಕ್ಕೆ ಅದೇ ದಾಖಲೆ.

ಶಾಖೆಯ ಮೇಜಿನ ಮುಂದೆ

ಸೋಮವಾರ ಹತ್ತೂವರೆಗೆ ನನ್ನ ಬ್ಯಾಂಕಿನ ಶಾಖೆಯಲ್ಲಿದ್ದೆ. ಕೌಂಟರಿನಲ್ಲಿದ್ದವರು ತಲೆಯೆತ್ತದೆ “ಇದು ನಮ್ಮ ಕೈಲಿಲ್ಲ, ಆ್ಯಪ್‌ನಲ್ಲಿ ಹಾಕಿ” ಅಂದರು. ಹಾಕಿಯಾಗಿದೆ, ಮುಚ್ಚಿದ್ದಾರೆ ಎಂದು ಸ್ಕ್ರೀನ್‌ಶಾಟ್ ತೋರಿಸಿದೆ. ಆಗ ಒಳಗಿನ ಮೇಜಿನ ಅಧಿಕಾರಿಯ ಬಳಿ ಕಳಿಸಿದರು. ನನಗಿಂತ ಹತ್ತು ವರ್ಷ ಚಿಕ್ಕ ಹೆಣ್ಣುಮಗಳು. ಅರ್ಧ ಗಂಟೆಯಲ್ಲಿ ನನಗೆ ಗೊತ್ತಿಲ್ಲದ ಎರಡು ವಿಷಯ ಹೇಳಿಕೊಟ್ಟರು.

ಒಂದು, ನಾನು ಪಡೆದವರ ಐಡಿಯ ಬಾಲ ನೋಡಿ ‘ಇವರ ಖಾತೆ ಇಂಥ ಬ್ಯಾಂಕಿನಲ್ಲಿದೆ’ ಎಂದು ತೀರ್ಮಾನಿಸಿದ್ದೆ. ಅದು ತಪ್ಪು. `@oksbi`, `@okaxis`, `@ybl` ಎಂಬ ಬಾಲಗಳು ಆ್ಯಪ್ ಯಾವ ಬ್ಯಾಂಕಿನ ಆಸರೆಯಲ್ಲಿ ಐಡಿ ಕೊಟ್ಟಿದೆ ಎಂಬುದನ್ನಷ್ಟೇ ಹೇಳುತ್ತವೆ. ದುಡ್ಡು ಕೂತಿರುವ ಖಾತೆ ಯಾವುದೋ ಗ್ರಾಮೀಣ ಬ್ಯಾಂಕಿನಲ್ಲೋ ಸಹಕಾರಿ ಬ್ಯಾಂಕಿನಲ್ಲೋ ಇರಬಹುದು. “ಸರ್, ಬಾಲ ನೋಡಿ ಆ ಬ್ಯಾಂಕಿನ ಶಾಖೆಗೆ ಹೋಗಿ ಜಗಳ ಆಡಿ ಬರೋರು ವಾರಕ್ಕೊಬ್ಬರು ಇರ್ತಾರೆ. ನಿಜವಾದ ಬ್ಯಾಂಕ್ ಯಾವುದು ಅಂತ ಉಲ್ಲೇಖ ಸಂಖ್ಯೆಯಿಂದ ನಮಗೆ ಗೊತ್ತಾಗುತ್ತೆ” ಎಂದರು.

ಎರಡು, ಆ ವ್ಯಕ್ತಿಯ ವಿಳಾಸವನ್ನೋ ಖಾತೆ ಸಂಖ್ಯೆಯನ್ನೋ ಬ್ಯಾಂಕು ನನಗೆ ಕೊಡುವುದಿಲ್ಲ. ಗ್ರಾಹಕರ ಗುಟ್ಟು ಕಾಯುವುದು ಅವರ ಕರ್ತವ್ಯ. ನ್ಯಾಯಾಲಯವೋ ಪೊಲೀಸರೋ ಕಾನೂನಿನಂತೆ ಕೇಳಿದರೆ ಮಾತು ಬೇರೆ. ನನ್ನ ಬ್ಯಾಂಕು ಮಾಡುವುದಿಷ್ಟು: ಯುಪಿಐನ ವಿವಾದ ವ್ಯವಸ್ಥೆಯಲ್ಲಿ ಆ ಕಡೆಯ ಬ್ಯಾಂಕಿಗೆ ಕೋರಿಕೆ ಕಳಿಸುವುದು. ಆ ಬ್ಯಾಂಕು ತನ್ನ ಗ್ರಾಹಕರನ್ನು ಕರೆದು ಕೇಳಬೇಕು. ಅವರು ಒಪ್ಪಿ ಬರೆದುಕೊಟ್ಟರೆ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಬ್ಬರದೂ ಒಂದೇ ಬ್ಯಾಂಕಾದರೆ ಕೆಲಸ ಹಗುರ, ಶಾಖೆಯಿಂದ ಶಾಖೆಗೆ ಒಂದು ಫೋನಿನಲ್ಲಿ ಮುಗಿಯಬಹುದು. ನನ್ನದು ಹಾಗಿರಲಿಲ್ಲ.

ಬಾಯಲ್ಲಿ ಹೇಳಿ ಬಂದರೆ ಏನೂ ಆಗುವುದಿಲ್ಲ. ಅರ್ಜಿ ಎರಡು ಪ್ರತಿ ಬರೆದೆ. ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೆ, ದೂರಿನ ಸಂಖ್ಯೆ ಬರೆಸಿಕೊಂಡೆ. ಆ ಸೀಲಿನ ದಿನಾಂಕದ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ.

ಬಾಕ್ಸ್: ಅರ್ಜಿಯಲ್ಲಿ ಏನಿರಬೇಕು

*“ದಿನಾಂಕ …ರಂದು ಸಂಜೆ … ಗಂಟೆಗೆ ನನ್ನ ಖಾತೆ ಸಂಖ್ಯೆ …ರಿಂದ ₹…ಅನ್ನು ಯುಪಿಐ ಮೂಲಕ ಕಳಿಸುವಾಗ, ಮೊಬೈಲ್ ಸಂಖ್ಯೆಯ ಒಂದು ಅಂಕಿ ತಪ್ಪಿ, … ಎಂಬ ಯುಪಿಐ ಐಡಿಗೆ ಹಣ ಜಮಾ ಆಗಿದೆ. ಉಲ್ಲೇಖ ಸಂಖ್ಯೆ …. ಇದು ವಿಫಲ ವ್ಯವಹಾರವಲ್ಲ, ತಪ್ಪು ಖಾತೆಗೆ ಹೋದ ಹಣ. ಪಡೆದವರ ಬ್ಯಾಂಕಿಗೆ ಕೋರಿಕೆ ಸಲ್ಲಿಸಿ, ಅವರ ಒಪ್ಪಿಗೆ ಪಡೆದು ಹಣ ಹಿಂದಿರುಗಿಸಲು ಕ್ರಮ ಕೈಗೊಂಡು, ಕೈಗೊಂಡ ಕ್ರಮವನ್ನು ನನಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.”*

*ಜೊತೆಗೆ ಸ್ಟೇಟ್‌ಮೆಂಟಿನ ಆ ಪುಟ, ಆ್ಯಪ್‌ನ ಸ್ಕ್ರೀನ್‌ಶಾಟ್, ಹಣ ನಿಜವಾಗಿ ಯಾರಿಗೆ ಹೋಗಬೇಕಿತ್ತೋ ಅವರಿಗೆ ಮತ್ತೆ ಕಳಿಸಿದ ಪಾವತಿಯ ದಾಖಲೆ. ಪಿನ್ ಅಥವಾ ಒಟಿಪಿಯನ್ನು ಯಾವ ಅರ್ಜಿಯೂ ಕೇಳುವುದಿಲ್ಲ.*

ಮನೆಗೆ ಬಂದು `npci.org.in` ತಾಣದಲ್ಲೂ ದೂರು ದಾಖಲಿಸಿದೆ. ಅಲ್ಲಿ ಯುಪಿಐ ದೂರುಗಳ ಭಾಗದಲ್ಲಿ ಸಮಸ್ಯೆಗಳ ಪಟ್ಟಿ ಇದೆ. ಅದರಲ್ಲಿ ‘Incorrectly transferred to another account’ ಎಂಬುದನ್ನೇ ಆರಿಸಬೇಕು. ಫಾರಂ ತುಂಬಲು ಬಾರದವರು 1800-120-1740 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಎನ್‌ಪಿಸಿಐ ಕೂಡ ಹಣ ಎಳೆದು ಕೊಡುವುದಿಲ್ಲ. ಎರಡೂ ಬ್ಯಾಂಕುಗಳ ಬೆನ್ನ ಹಿಂದೆ ಒಂದು ದಾಖಲೆ ನಿಲ್ಲುತ್ತದೆ, ಅಷ್ಟೇ.

ಗೆಳೆಯನ ಕೆಟ್ಟ ಸಲಹೆ

ಈ ಮಧ್ಯೆ ಗೆಳೆಯನೊಬ್ಬ ಸುಲಭದ ದಾರಿ ಹೇಳಿದ. “1930ಕ್ಕೆ ಫೋನ್ ಮಾಡು. ಮೋಸ ಆಗಿದೆ ಅನ್ನು. ಅವನ ಅಕೌಂಟ್ ಫ್ರೀಜ್ ಆಗುತ್ತೆ, ತಾನಾಗಿ ಓಡಿ ಬರ್ತಾನೆ.”

1930 ಸೈಬರ್ ವಂಚನೆಯ ಸಹಾಯವಾಣಿ. ನಿಮ್ಮನ್ನು ಯಾರಾದರೂ ನಂಬಿಸಿ ಹಣ ಕಳಿಸಿಕೊಂಡಿದ್ದರೆ ಮೊದಲ ಗಂಟೆಯಲ್ಲೇ ಕರೆಯಬೇಕಾದ ನಂಬರ್ ಅದು. ಆದರೆ ನನ್ನನ್ನು ಯಾರೂ ವಂಚಿಸಿರಲಿಲ್ಲ, ನಾನೇ ಕೈತಪ್ಪಿ ಕಳಿಸಿದ್ದೆ. ಸುಳ್ಳು ಹೇಳಿದರೆ ಏನೂ ತಪ್ಪು ಮಾಡದ ಒಬ್ಬರ ಸಂಬಳವೋ ಕೂಲಿಯೋ ಇರುವ ಖಾತೆ ವಾರಗಟ್ಟಲೆ ಸ್ತಬ್ಧವಾಗುತ್ತದೆ. ಸುಳ್ಳು ದೂರು ಕೊಟ್ಟವನೆಂಬ ಹೆಸರು ನನಗೆ ಬರುತ್ತದೆ. ಮಾಡಲಿಲ್ಲ. ನೀವೂ ಮಾಡಬೇಡಿ.

ಹಾಗೆಂದು ಕಾನೂನು ನಮ್ಮ ಪರವಾಗಿ ಇಲ್ಲವೆಂದಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 72ನೇ ಕಲಮು ಒಂದೇ ವಾಕ್ಯದ್ದು: ತಪ್ಪಿನಿಂದ ಹಣ ಪಡೆದವರು ಅದನ್ನು ಹಿಂದಿರುಗಿಸಲೇಬೇಕು. ಹಣ ಪಡೆದವರು ಕೇಳಿಕೊಂಡಿರಲಿಲ್ಲ, ಅವರ ತಪ್ಪಿಲ್ಲ ಎಂಬುದು ಇಲ್ಲಿ ವಾದವಾಗುವುದಿಲ್ಲ. ತಪ್ಪು ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬಹುದು.

ಕ್ರಿಮಿನಲ್ ಬದಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಇದೆ, ಹಳೆಯ ದಂಡ ಸಂಹಿತೆಯಲ್ಲಿ 403 ಆಗಿದ್ದದ್ದು. ಇನ್ನೊಬ್ಬರ ಸೊತ್ತನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಂಡರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಈ ಕಲಮಿನ ಕೆಳಗಿನ ಉದಾಹರಣೆಗಳು ಕಥೆಯಂತಿವೆ. ಹೆದ್ದಾರಿಯಲ್ಲಿ ಒಂದು ರೂಪಾಯಿ ಬಿದ್ದಿದೆ, ಯಾರದೆಂದು ಗೊತ್ತಿಲ್ಲ, ಎತ್ತಿಕೊಂಡರೆ ಅಪರಾಧವಲ್ಲ. ದಾರಿಯಲ್ಲಿ ಸಿಕ್ಕ ಪತ್ರದೊಳಗೆ ನೋಟಿದೆ, ಪತ್ರ ಓದಿದರೆ ಯಾರದೆಂದು ತಿಳಿಯುತ್ತದೆ, ಆದರೂ ಇಟ್ಟುಕೊಂಡರೆ ಅಪರಾಧ. ಬ್ರಿಟಿಷರ ಕಾಲದಲ್ಲಿ ಬರೆದಿಟ್ಟ ಈ ಉದಾಹರಣೆ ಯುಪಿಐಗೇ ಹೇಳಿ ಮಾಡಿಸಿದಂತಿದೆ. ಇಲ್ಲಿ ಬರುವ ಪ್ರತಿ ರೂಪಾಯಿಯ ಮೇಲೂ ಕಳಿಸಿದವರ ಹೆಸರು ಬರೆದಿರುತ್ತದೆ.

ಆದರೆ ಒಂದು ಮಿತಿ ನೆನಪಿರಲಿ. ಇದು ಪೊಲೀಸರು ತಾವಾಗಿ ತನಿಖೆಗೆ ಇಳಿಯಬಹುದಾದ ಅಪರಾಧವಲ್ಲ. ಠಾಣೆಯಲ್ಲಿ ಎನ್‌ಸಿಆರ್ ಬರೆದುಕೊಳ್ಳುತ್ತಾರೆ. ಮುಂದಿನದಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದೊಡ್ಡ ಮೊತ್ತವಾದರೆ ವಕೀಲರಿಂದ ನೋಟಿಸು, ಆಮೇಲೆ ದಾವೆ. ಹದಿನಾಲ್ಕು ಸಾವಿರಕ್ಕೆ ವಕೀಲರ ಫೀಸೇ ಸಮನಾದೀತು. ಅಂಥ ಮೊತ್ತಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಮೊಕದ್ದಮೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆ ಇದೆ. ಎದುರಾಳಿಯ ಹೆಸರು, ವಿಳಾಸ ಗೊತ್ತಿದ್ದರೆ ಮಾತ್ರ ಅದು ನಡೆದೀತು.

ಮೂವತ್ತು ದಿನದ ಲೆಕ್ಕ

ಈಗ ಆ ಸೀಲಿನ ವಿಷಯ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. `cms.rbi.org.in` ತಾಣದಲ್ಲಿ ದೂರು, ಮಾಹಿತಿಗೆ 14448 ಸಂಖ್ಯೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೂವತ್ತು ದಿನ ಎಣಿಸುವುದು ಸೀಲಿನ ದಿನಾಂಕದಿಂದಲೇ. ಸೀಲಿಲ್ಲದಿದ್ದರೆ ಅರ್ಜಿ ಕೊಟ್ಟ ದಿನವನ್ನು ತೋರಿಸುವುದೇ ಕಷ್ಟ.

ಓಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ಸೇವೆಯಲ್ಲಿ ಕೊರತೆಯಿತ್ತೇ ಎಂಬುದನ್ನು ಮಾತ್ರ, ಇದೂ ತಿಳಿದಿರಲಿ. ನಿಮ್ಮ ಬ್ಯಾಂಕು ಕೋರಿಕೆಯನ್ನೇ ಕಳಿಸಲಿಲ್ಲ, ಆ ಕಡೆಯ ಬ್ಯಾಂಕು ಗ್ರಾಹಕರನ್ನು ಕೇಳಲೇ ಇಲ್ಲ ಎಂದಾದರೆ ನಿಮ್ಮ ದೂರಿಗೆ ಜೀವವಿದೆ. ಎರಡೂ ಬ್ಯಾಂಕು ಮಾಡಬೇಕಾದದ್ದು ಮಾಡಿ, ಆ ವ್ಯಕ್ತಿ ‘ಕೊಡಲ್ಲ’ ಎಂದಿದ್ದರೆ ಓಂಬುಡ್ಸ್‌ಮನ್ ಅವರ ಕೈಯಿಂದ ಕಸಿದು ಕೊಡುವುದಿಲ್ಲ. ಆಗ ಉಳಿಯುವುದು ನ್ಯಾಯಾಲಯವೇ.

ಒಂಬತ್ತನೇ ದಿನದ ಫೋನು

ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಶಾಖೆಗೆ ಅರ್ಜಿ ಕೊಟ್ಟ ಒಂಬತ್ತನೇ ದಿನ ಒಂದು ಫೋನ್ ಬಂತು. ಅದೇ ದನಿ. ಈ ಸಲ ಮೆತ್ತಗೆ.

“ಸರ, ನಮ್ಮ ಬ್ಯಾಂಕಿನ ಮ್ಯಾನೇಜರ್ರು ಕರದಿದ್ರು. ನಿಮ್ಮ ರೊಕ್ಕ ಬಂದದ್ದು ಖರೇನ ಅದ. ಅವತ್ತ ನಾ ಬೈದಿದ್ದು ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಗಂಗಾವತಿ ಕಡೆಯ ಲಾರಿ ಚಾಲಕ. ನಾನು ಕಳಿಸಿದ ಒಂದು ರೂಪಾಯಿಯ ಸಂದೇಶವನ್ನೂ ನೋಡಿದ್ದರಂತೆ, ಅದೂ ಮೋಸದ್ದೇ ಇರಬೇಕೆಂದು ಸುಮ್ಮನಿದ್ದರಂತೆ. ತಮ್ಮ ಶಾಖೆಯಿಂದ, ತಮಗೆ ಗೊತ್ತಿರುವ ಮ್ಯಾನೇಜರೇ ಕರೆದಾಗ ನಂಬಿದರು. ಆದರೆ ಒಂದು ತೊಡಕಿತ್ತು. ಖಾತೆಯಲ್ಲಿ ಇದ್ದದ್ದೇ ಇನ್ನೂರು ಚಿಲ್ಲರೆ. ನನ್ನ ₹14,400 ಜಮಾ ಆದದ್ದು ಶನಿವಾರ. ಸೋಮವಾರ ಅವರ ಬೈಕ್ ಸಾಲದ ಕಂತು ₹3,150 ತಾನಾಗಿ ಕಡಿತವಾಗಿತ್ತು. ಸಾಲ ಕೊಟ್ಟ ಕಂಪನಿಗೆ ಅದು ಯಾರ ದುಡ್ಡೆಂದು ಹೇಗೆ ಗೊತ್ತಾಗಬೇಕು?

ತಪ್ಪಿ ಹೋದ ಹಣದ ವಿಷಯದಲ್ಲಿ ಆತುರ ಏಕೆ ಬೇಕು ಎನ್ನುವುದು ನನಗೆ ಮನದಟ್ಟಾದದ್ದು ಇಲ್ಲಿ. ಆ ಕಡೆಯವರು ಒಳ್ಳೆಯವರಾದರೆ ಸಾಲದು, ಖಾತೆಯಲ್ಲಿ ಹಣ ಉಳಿದಿರಬೇಕು. ಕಂತು, ಕನಿಷ್ಠ ಮೊತ್ತದ ದಂಡ ಇವೆಲ್ಲ ಯಾರನ್ನೂ ಕೇಳದೆ ಕತ್ತರಿಸಿಕೊಳ್ಳುತ್ತವೆ.

ಉಳಿದ ₹11,250 ವಾಪಸ್ ಮಾಡಲು ಅವರು ತಮ್ಮ ಶಾಖೆಯಲ್ಲಿ ಬರೆದುಕೊಟ್ಟರು. ಮೂರನೇ ದಿನ ಅದು ನನ್ನ ಖಾತೆಯಲ್ಲಿತ್ತು. “ಬಾಕಿದ್ದು ಮುಂದಿನ ಟ್ರಿಪ್ ಮುಗಿಸಿ ಬಂದ ಕೂಡ್ಲೇ” ಎಂದರು.

ಬಾಕ್ಸ್: ನಿಮ್ಮ ಖಾತೆಗೆ ಯಾರದೋ ಹಣ ಬಂದರೆ

*ಮೊದಲು ಎಸ್‌ಎಂಎಸ್ ನಂಬದೆ ಬ್ಯಾಂಕಿನ ಬ್ಯಾಲೆನ್ಸ್ ನೋಡಿ. ಜಮಾ ಆದಂತೆ ಸುಳ್ಳು ಎಸ್‌ಎಂಎಸ್ ಕಳಿಸುವುದು ಮಾಮೂಲಿ ಆಟ.*

*ನಿಜವಾಗಿ ಬಂದಿದ್ದರೂ, ಕರೆ ಮಾಡಿದವರು ಕೊಡುವ ಬೇರೆ ನಂಬರಿಗೆ, ಬೇರೆ ಕ್ಯೂಆರ್‌ಗೆ ಕಳಿಸಬೇಡಿ. ಮೋಸದ ಹಣವನ್ನು ನಿಮ್ಮ ಖಾತೆಯ ಮೂಲಕ ದಾಟಿಸುತ್ತಿರಬಹುದು. ನಾಳೆ ದೂರು ಬಂದರೆ ಸಿಕ್ಕಿಕೊಳ್ಳುವವರು ನೀವು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬುದೂ ನೆನಪಿರಲಿ.*

*ಹಣ ಮುಟ್ಟದೆ ಹಾಗೇ ಇಟ್ಟು, ನಿಮ್ಮ ಶಾಖೆಗೆ ಹೋಗಿ ‘ಈ ಹಣ ನನ್ನದಲ್ಲ, ಬಂದ ಖಾತೆಗೇ ಹಿಂದಿರುಗಿಸಿ’ ಎಂದು ಬರೆದುಕೊಟ್ಟು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ.*

ಹೆಸರು ನೋಡಿದರೆ ಸಾಕೇ?

2025ರ ಜೂನ್ 30ರೊಳಗೆ ಎಲ್ಲ ಆ್ಯಪ್‌ಗಳೂ ಪಾವತಿಗೆ ಮುನ್ನ, ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ಎನ್‌ಪಿಸಿಐ ಸೂಚಿಸಿತ್ತು. ಅದಕ್ಕೂ ಮೊದಲು ನಾವು ಫೋನಿನಲ್ಲಿ ಉಳಿಸಿಕೊಂಡ ಹೆಸರೋ, ಅಂಗಡಿಯವರು ಇಟ್ಟುಕೊಂಡ ಅಡ್ಡಹೆಸರೋ ಕಾಣಿಸುವುದಿತ್ತು. ಈಗ ‘ಹಾಲಿನ ರಾಜಣ್ಣ’ನ ಬದಲು ಪೂರ್ತಿ ಹೆಸರು ಕಾಣುತ್ತದೆ. ತುಂಬ ಒಳ್ಳೆಯ ಕ್ರಮ. ಆದರೆ ನನ್ನಂತೆ ಮಂಜುನಾಥನ ಬದಲು ಮಂಜುನಾಥನೇ ಸಿಕ್ಕರೆ ಅದೂ ಕೈಕೊಡುತ್ತದೆ. ಇನಿಷಿಯಲ್ ನೋಡಿದ್ದರೆ ಗೊತ್ತಾಗುತ್ತಿತ್ತು. ನಮ್ಮ ಮಂಜಣ್ಣನದು ‘ಬಿ’, ಪರದೆಯಲ್ಲಿದ್ದದ್ದು ‘ಎಚ್’.

ಹಳೇ ನಂಬರುಗಳದ್ದು ಇನ್ನೊಂದು ಅಪಾಯ. ಬಳಸದೆ ಬಿಟ್ಟು ರದ್ದಾದ ಮೊಬೈಲ್ ನಂಬರನ್ನು 90 ದಿನಗಳ ನಂತರ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಎರಡು ವರ್ಷದ ಹಿಂದೆ ಹಣ ಕಳಿಸಿದ್ದ ಅದೇ ನಂಬರಿನ ಹಿಂದೆ ಇವತ್ತು ಬೇರೆ ಮನುಷ್ಯ ಇರಬಹುದು. ಡೈರಿಯ ನಂಬರಿಗೆ ದೊಡ್ಡ ಮೊತ್ತ ಕಳಿಸುವ ಮುನ್ನ ಒಂದು ರೂಪಾಯಿ ಕಳಿಸಿ, ‘ಬಂತಾ?’ ಎಂದು ಫೋನಿನಲ್ಲಿ ಕೇಳಿ, ಆಮೇಲೆ ಉಳಿದದ್ದನ್ನು ಕಳಿಸುವುದು ನಾನೀಗ ತಪ್ಪದೆ ಮಾಡುವ ಕೆಲಸ. ಆ ಒಂದು ರೂಪಾಯಿ ದಾರಿ ತಪ್ಪಿದರೆ ಹುಡುಕಿಕೊಂಡು ಹೋಗಬೇಕಿಲ್ಲ.

ಗಂಗಾವತಿಯ ಮಂಜುನಾಥರ ಬಾಕಿ ₹3,150 ಇಪ್ಪತ್ತಾರನೇ ದಿನ ಬಂತು. ಕೆಳಗೆ ‘ಬೈಕ್ ಕಂತಿಂದು’ ಎಂದು ಬರೆದಿದ್ದರು. ಜೊತೆಗೆ ಇನ್ನೊಂದು ಪಾವತಿ, ಒಂದು ರೂಪಾಯಿಯದು.

ಅಪ್ಪ ಈಗ ಫೋನಿನಲ್ಲಿ ನಂಬರ್ ಹೇಳುವಾಗ ಎಪ್ಪತ್ತಾರು ಎನ್ನುವುದಿಲ್ಲ. ಏಳು, ಆರು ಎನ್ನುತ್ತಾರೆ.